ಠಾಣೆಗೆ ಹೋಗದ ಕಳ್ಳತನವನ್ನು ಎಣಿಸುವುದು ಹೇಗೆ?

'ನಮ್ಮ ಜಿಲ್ಲೆಯಲ್ಲಿ ಕಳ್ಳತನ ಕಡಿಮೆಯಾಗಿದೆ' ಎನ್ನುವ ಒಂದು ಗ್ರಾಫ್ ನಿಮ್ಮ ವಾಟ್ಸಾಪ್ ಗುಂಪಿಗೆ ಬಂತು ಎಂದುಕೊಳ್ಳಿ. ಅದರ ಬೆನ್ನಿಗೇ ಇನ್ನೊಬ್ಬರು 'ಸಮೀಕ್ಷೆ ಪ್ರಕಾರ ಕಳ್ಳತನ ದುಪ್ಪಟ್ಟಾಗಿದೆ' ಎಂಬ ಮತ್ತೊಂದು ಚಿತ್ರ ಹಾಕುತ್ತಾರೆ. ಇವೆರಡರಲ್ಲಿ ಒಂದು ಸುಳ್ಳೇ ಇರಬೇಕು ಎಂದು ಅನಿಸುವುದು ಸಹಜ. ಆದರೆ ಎರಡೂ ನಿಜವಾಗಿರಬಹುದು, ಏಕೆಂದರೆ ಅವು ಎಣಿಸುತ್ತಿರುವುದು ಬೇರೆ ಬೇರೆ ಸಂಗತಿಗಳನ್ನು.

ಮೊದಲನೆಯದು ಪೊಲೀಸ್ ದಾಖಲೆಯ ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಟಿಸುವ ವರದಿಯಲ್ಲಿ ಬರುವುದು ಠಾಣೆಗಳಲ್ಲಿ ದಾಖಲಾದ ಪ್ರಕರಣಗಳು ಮಾತ್ರ. ಹೊಲದ ಬಾವಿಯಿಂದ ಮೋಟರಿನ ಕೇಬಲ್ ಕಳುವಾದ ರೈತ 'ಎಲ್ಲಿ ಅಲೆಯೋದು' ಎಂದು ಸುಮ್ಮನಾದರೆ ಆ ಕಳ್ಳತನ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಇದರ ತಿರುವುಮುರುವೂ ಉಂಟು. ದೂರು ಕೊಡುವುದು ಸುಲಭವಾದ ವರ್ಷ ಕಳ್ಳತನ ಹೆಚ್ಚದಿದ್ದರೂ ಅಂಕಿ ಏರುತ್ತದೆ.

ಈ ಕೊರತೆ ತುಂಬಲು ಇರುವ ದಾರಿ ಎಂದರೆ ಠಾಣೆಯನ್ನು ಬಿಟ್ಟು ನೇರವಾಗಿ ಮನೆಗಳಿಗೆ ಹೋಗಿ ಕೇಳುವುದು. ಐಡಿಎಫ್‌ಸಿ ಇನ್‌ಸ್ಟಿಟ್ಯೂಟ್ ಬೆಂಗಳೂರು, ಚೆನ್ನೈ, ದೆಹಲಿ, ಮುಂಬೈಗಳ 20 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಹೀಗೆ ಕೇಳಿ 2017ರಲ್ಲಿ ವರದಿ ಪ್ರಕಟಿಸಿತು. ಕಳ್ಳತನಕ್ಕೆ ಒಳಗಾದವರಲ್ಲಿ ಎಫ್‌ಐಆರ್‌ವರೆಗೆ ಹೋದವರು ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ ಎಂದು ಅದರಲ್ಲಿ ಕಂಡುಬಂತು.

ಅವು ದೊಡ್ಡ ನಗರಗಳು. ಅದೇ ಕೆಲಸವನ್ನು ವಿಜಯಪುರ ಜಿಲ್ಲೆಯ ಬಬಲೇಶ್ವರ, ತಿಕೋಟಾ ಭಾಗದಲ್ಲಿ, ಜೈನಾಪುರದಂಥ ಊರುಗಳಲ್ಲಿ ಮಾಡಬೇಕಾದರೆ ಹೇಗೆ ಮಾಡಬೇಕು? ಒಂದು ಕಾಲ್ಪನಿಕ ಸಮೀಕ್ಷೆಯನ್ನು ಹಂತ ಹಂತವಾಗಿ ಕಟ್ಟಿ ನೋಡೋಣ. ಅದು ಎಲ್ಲೆಲ್ಲಿ ತಪ್ಪಬಹುದು ಎಂಬುದು ಆಗ ತಾನಾಗಿಯೇ ಕಾಣುತ್ತದೆ.

ಯಾರನ್ನು ಕೇಳಬೇಕು?

ಬಸ್ ನಿಲ್ದಾಣದಲ್ಲಿ ಸಿಕ್ಕವರನ್ನು ಕೇಳಿದರೆ ಬಸ್ ನಿಲ್ದಾಣಕ್ಕೆ ಬರುವವರ ಕಥೆ ಮಾತ್ರ ಸಿಗುತ್ತದೆ. ಗೂಗಲ್ ಫಾರ್ಮ್ ಕಳಿಸಿದರೆ, ಕಳ್ಳತನವಾಗಿ ಸಿಟ್ಟಿನಲ್ಲಿರುವವರೇ ಮುಂದಾಗಿ ತುಂಬುತ್ತಾರೆ. ಆದ್ದರಿಂದ ಆಯ್ಕೆ ಚೀಟಿ ಎತ್ತಿದ ಹಾಗಿರಬೇಕು. ಸಮೀಕ್ಷಕರ ಅನುಕೂಲಕ್ಕೂ ಉತ್ತರಿಸುವವರ ಉತ್ಸಾಹಕ್ಕೂ ಅಲ್ಲಿ ಜಾಗ ಇರಬಾರದು.

ಇದು ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಊರುಗಳ ಪಟ್ಟಿಯಿಂದ, ದೊಡ್ಡ ಊರಿಗೆ ಹೆಚ್ಚು ಅವಕಾಶ ಇರುವಂತೆ, 20 ಊರುಗಳನ್ನು ಆರಿಸಬೇಕು. ಆಮೇಲೆ ಆ ಊರುಗಳಲ್ಲಿ ಓಡಾಡಿ ಮನೆಗಳ ಪಟ್ಟಿ ಮಾಡಬೇಕು. ಒಂದು ಊರಿನಲ್ಲಿ 600 ಮನೆ ಇದ್ದು ನಮಗೆ 20 ಬೇಕಾದರೆ ಪ್ರತಿ 30 ಮನೆಗೆ ಒಂದು ಎಂದಾಯಿತು. 1ರಿಂದ 30ರೊಳಗೆ ಒಂದು ಚೀಟಿ ಎತ್ತಿದಾಗ 7 ಬಂದರೆ 7, 37, 67 ಹೀಗೆ ಮುಂದುವರಿಯಬೇಕು. 37ನೇ ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗುವಂತಿಲ್ಲ, ಅದೇ ಮನೆಗೆ ಇನ್ನೊಮ್ಮೆ, ಮತ್ತೊಮ್ಮೆ ಬರಬೇಕು. ಬೀಗ ಹಾಕಿದ ಮನೆಗೇ ಕಳ್ಳ ನುಗ್ಗುವ ಸಾಧ್ಯತೆ ಹೆಚ್ಚು. ಅಂಥ ಮನೆಗಳನ್ನೇ ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಪಟ್ಟಿ ಮಾಡುವಾಗಲೇ ಒಂದು ದೊಡ್ಡ ತಪ್ಪು ನುಸುಳಬಹುದು. ಈ ಕಡೆ ಎಲ್ಲರೂ ಊರೊಳಗೆ ಇರುವುದಿಲ್ಲ. ಹಲವು ಕುಟುಂಬಗಳು ತೋಟದ ವಸ್ತಿಗಳಲ್ಲಿ ಇರುತ್ತವೆ, ತಾಂಡಾಗಳಿಂದ ಜನ ದುಡಿಯಲು ಮಹಾರಾಷ್ಟ್ರ, ಗೋವಾಗಳಿಗೆ ಹೋಗಿರುತ್ತಾರೆ. ಸಮೀಕ್ಷಕರು ಊರ ಅಗಸಿಯೊಳಗಿನ ಮನೆಗಳನ್ನಷ್ಟೇ ಪಟ್ಟಿ ಮಾಡಿದರೆ ಮೋಟರು, ಪೈಪು, ಕುರಿ ಕಳೆದುಕೊಳ್ಳುವವರೇ ಬಿಟ್ಟುಹೋಗುತ್ತಾರೆ.

ಇನ್ನು ಎಷ್ಟು ಮನೆ ಸಾಕು? 20 ಊರುಗಳಿಂದ 400 ಮನೆಗಳನ್ನು ಕೇಳಿದೆವು, 20 ಮನೆಗಳಲ್ಲಿ ಕಳ್ಳತನವಾಗಿತ್ತು ಎಂದಿಟ್ಟುಕೊಳ್ಳಿ. ಅದು ಶೇ 5. ಆದರೆ ಮಾದರಿ ಚಿಕ್ಕದಾದ್ದರಿಂದ ನಿಜವಾದ ಪ್ರಮಾಣ ಶೇ 3ರಿಂದ 7ರವರೆಗೆ ಎಲ್ಲಿಯಾದರೂ ಇರಬಹುದು. ಒಂದೇ ಊರಿನ ಮನೆಗಳಿಗೆ ಒಂದೇ ಕಳ್ಳರ ಗುಂಪು ಕಾಟ ಕೊಟ್ಟಿರಬಹುದಾದ್ದರಿಂದ ಈ ಅಂತರ ಇನ್ನೂ ಹಿಗ್ಗುತ್ತದೆ. ಮರುವರ್ಷ ಇಷ್ಟೇ ಮನೆ ಕೇಳಿದಾಗ ಶೇ 4 ಬಂದರೆ 'ಕಳ್ಳತನ ಇಳಿಯಿತು' ಎನ್ನಲು ಆಧಾರವೇ ಇಲ್ಲ. ಶೇ 5ರಿಂದ 4ಕ್ಕೆ ಇಳಿದದ್ದನ್ನು ನಂಬಿಕೆಯಿಂದ ಹೇಳಬೇಕಾದರೆ ಪ್ರತಿ ಸುತ್ತಿನಲ್ಲೂ ಆರೇಳು ಸಾವಿರ ಮನೆಗಳನ್ನಾದರೂ ಕೇಳಬೇಕಾಗುತ್ತದೆ.

ಹೇಗೆ ಕೇಳಬೇಕು?

'ಕಳೆದ ಒಂದು ವರ್ಷದಲ್ಲಿ ನಿಮ್ಮ ಮೇಲೆ ಯಾವುದಾದರೂ ಅಪರಾಧ ನಡೆದಿದೆಯೇ?' ನೋಡಲು ಸರಿಯಾಗಿಯೇ ಇರುವ ಈ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರವೇ ಹೆಚ್ಚು ಬರುತ್ತದೆ. ಜನರ ಮನಸ್ಸಿನಲ್ಲಿ ಅಪರಾಧ ಎಂದರೆ ಕೊಲೆ, ದರೋಡೆ. ಸಂತೆಯಲ್ಲಿ ಕಿಸೆಯಿಂದ ಹೋದ ಫೋನು, ಅಣ್ಣತಮ್ಮಂದಿರ ಬದುವಿನ ಜಗಳದಲ್ಲಿ ಬಿದ್ದ ಏಟು, ಒಟಿಪಿ ಹೇಳಿ ಕಳೆದುಕೊಂಡ ದುಡ್ಡು ಅವರ ಲೆಕ್ಕದಲ್ಲಿ ಅಪರಾಧವಲ್ಲ.

ಹಾಗಾಗಿ ಕಾನೂನಿನ ಹೆಸರು ಬಿಟ್ಟು ನಡೆದ ಸಂಗತಿಯನ್ನೇ, ಆಡುವ ಮಾತಿನಲ್ಲಿ ಕೇಳಬೇಕು. 'ಹೋದ ಸಂಕ್ರಮಣದಿಂದ ಈಚೆಗೆ ನಿಮ್ಮ ಹೊಲದಾಗಿನ ಮೋಟರ್, ಕೇಬಲ್, ಪೈಪ್ ಯಾವುದರ ಕಳುವಾಗೇತೇನ್ರಿ?' 'ಕುರಿ, ಆಡು, ಕೋಳಿ?' 'ಫೋನಿನ್ಯಾಗ ಮಾತಾಡಿಸಿ ಯಾರರ ರೊಕ್ಕ ಹಾಕಿಸ್ಕೊಂಡು ಮೋಸ ಮಾಡ್ಯಾರೇನ್ರಿ?' ಒಂದೊಂದು ಹೆಸರು ಕೇಳಿದಾಗಲೂ ಒಂದೊಂದು ನೆನಪು ಎದ್ದು ಬರುತ್ತದೆ.

ಇಲ್ಲಿ ಪ್ರಶ್ನೆಗಳ ಕ್ರಮವೂ ಮುಖ್ಯ. 'ಹೌದು' ಎಂದ ತಕ್ಷಣ 'ಯಾವಾಗ, ಎಷ್ಟು ಬೆಲೆ, ದೂರು ಕೊಟ್ಟಿರಾ' ಎಂದು ಹತ್ತು ಪ್ರಶ್ನೆ ಎದುರಾದರೆ ಮುಂದಿನದಕ್ಕೆಲ್ಲ 'ಇಲ್ಲ' ಎನ್ನುವುದೇ ಲೇಸು ಎಂದು ಉತ್ತರಿಸುವವರು ಕಲಿತುಬಿಡುತ್ತಾರೆ. ಹೌದು-ಇಲ್ಲಗಳನ್ನೆಲ್ಲ ಮೊದಲು ಮುಗಿಸಿ ವಿವರಕ್ಕೆ ಆಮೇಲೆ ಹೋಗಬೇಕು.

ಪ್ರಶ್ನೆಯ ಮಾತು ಬದಲಾದರೆ ಅಂಕಿ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಅಮೆರಿಕದ ರಾಷ್ಟ್ರೀಯ ಅಪರಾಧ ಸಮೀಕ್ಷೆ ಸಾಕ್ಷಿ. 1990ರ ದಶಕದ ಆರಂಭದಲ್ಲಿ ಅಲ್ಲಿ ಹಳೆಯ ಪ್ರಶ್ನಾವಳಿ ತೆಗೆದು, ಹೆಚ್ಚು ಸುಳಿವು ಕೊಡುವ ಹೊಸದನ್ನು ತಂದರು. ಹಲ್ಲೆ ಮತ್ತು ಅತ್ಯಾಚಾರದ ಪ್ರಮಾಣ ದೊಡ್ಡದಾಗಿ ಏರಿತು. ಹೆಚ್ಚಾದದ್ದು ಹೇಳಿಕೊಂಡವರ ಸಂಖ್ಯೆ.

ಮನೆಯೊಳಗಿನ ಹಿಂಸೆಗೆ ಇನ್ನೊಂದು ಎಚ್ಚರ ಬೇಕು. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಈ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಮಹಿಳೆಗೆ ಮಾತ್ರ ಕೇಳುತ್ತದೆ. ಅದೂ ಬೇರೆ ಯಾರ ಕಿವಿಗೂ ಬೀಳದ ಹಾಗೆ. ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಬಿಡುತ್ತಾರೆ. ಅಲ್ಲಿ ಕೂಡ 'ದೌರ್ಜನ್ಯ' ಎಂದು ಕೇಳುವುದಿಲ್ಲ. ತಳ್ಳಿದ್ದು, ಕಪಾಳಕ್ಕೆ ಹೊಡೆದದ್ದು, ಕೈ ತಿರುವಿದ್ದು ಎಂದು ಒಂದೊಂದಾಗಿ ಕೇಳುತ್ತಾರೆ. ಇಷ್ಟಾದರೂ ಹಿಂಸೆ ಅನುಭವಿಸಿದೆವು ಎಂದ ದೇಶದ ಮಹಿಳೆಯರಲ್ಲಿ ಸುಮಾರು ಶೇ 77ರಷ್ಟು ಮಂದಿ ಆ ಬಗ್ಗೆ ಯಾರ ನೆರವನ್ನೂ ಕೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ ಎಂದು 2019-21ರ ಸುತ್ತು ತಿಳಿಸಿತು.

ಅದೇ ಸುತ್ತಿನಲ್ಲಿ, ಗಂಡನಿಂದ ಹಿಂಸೆ ಅನುಭವಿಸಿದ ಮಹಿಳೆಯರ ಪ್ರಮಾಣ ಕರ್ನಾಟಕದಲ್ಲಿ ಶೇ 44.4 ಎಂದು ಬಂತು. ಹಿಂದಿನ ಸುತ್ತಿನಲ್ಲಿ ಅದು ಶೇ 20.6 ಇತ್ತು. ನಾಲ್ಕೈದು ವರ್ಷಗಳಲ್ಲಿ ಹಿಂಸೆಯೇ ದುಪ್ಪಟ್ಟಾಯಿತೇ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೇ, ಸಮೀಕ್ಷಕಿಯರು ಹೆಚ್ಚು ನಂಬಿಕೆ ಗಳಿಸಿದರೇ? ಈ ಎರಡು ಅಂಕಿಗಳು ಅದನ್ನು ಬಿಡಿಸಿ ಹೇಳಲಾರವು.

ಯಾವಾಗಿನದನ್ನು ಕೇಳಬೇಕು?

ನೆನಪು ಎರಡು ಬಗೆಯಲ್ಲಿ ಮೋಸ ಮಾಡುತ್ತದೆ. ಒಂದು ನಮಗೆಲ್ಲ ಗೊತ್ತಿರುವ ಮರೆವು. ಇನ್ನೊಂದು ಅದಕ್ಕೆ ವಿರುದ್ಧವಾದದ್ದು. ಎರಡು ವರ್ಷದ ಹಿಂದೆ ಮನೆಯಲ್ಲಿ ಬಂಗಾರ ಕಳುವಾಗಿದ್ದರೆ ಆ ನೋವು ಹಸಿಯಾಗಿರುತ್ತದೆ, 'ಹೋದ ವರ್ಷ ಆತು' ಎಂದೇ ಹೇಳುತ್ತೇವೆ. ಹಳೆಯ ಘಟನೆ ಹೀಗೆ ಈಚೆಗೆ ಸರಿದು ಬರುತ್ತದೆ. ಚಿಕ್ಕ ಕಳ್ಳತನಗಳು ಮರೆತು ಲೆಕ್ಕ ಇಳಿಯುತ್ತದೆ, ದೊಡ್ಡವು ಒಳಗೆ ಸರಿದು ಲೆಕ್ಕ ಏರುತ್ತದೆ. ಎರಡೂ ಸರಿದೂಗಿಸಿಕೊಳ್ಳುತ್ತವೆ ಎಂದು ನಂಬುವಂತಿಲ್ಲ.

ಸರಿಯುವುದನ್ನು ತಡೆಯಲು 'ಕಳೆದ 12 ತಿಂಗಳು' ಎನ್ನುವ ಬದಲು ಎಲ್ಲರಿಗೂ ನೆನಪಿರುವ ಗಡಿ ಹಾಕಬೇಕು. ವಿಜಯಪುರದ ಕಡೆ ಸಂಕ್ರಮಣದ ಸಿದ್ಧೇಶ್ವರ ಜಾತ್ರೆ ಅಂಥ ಗುರುತು. ಸಮೀಕ್ಷೆಯನ್ನು ಜಾತ್ರೆ ಮುಗಿದ ಮೇಲೆ ಮಾಡಿ, 'ಹೋದ ವರ್ಷದ ಜಾತ್ರೆಯಿಂದ ಈ ವರ್ಷದ ಜಾತ್ರೆಯೊಳಗೆ' ಎಂದು ಕೇಳಬಹುದು. ನಡುವೆ ಯುಗಾದಿ, ಕಾರಹುಣ್ಣಿಮೆ, ನಾಗರ ಪಂಚಮಿ, ದೀಪಾವಳಿ ಇವೆ. 'ಮೋಟರ್ ಹೋದದ್ದು ಕಾರಹುಣ್ಣಿಮೆಗಿಂತ ಮೊದಲೋ ಆಮೇಲೋ?' ಎಂದರೆ ನೆನಪು ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಅಮೆರಿಕದ ಸಮೀಕ್ಷೆ ಇದಕ್ಕಾಗಿ ಅದೇ ಮನೆಗೆ ಆರು ತಿಂಗಳಿಗೊಮ್ಮೆ ಹೋಗುತ್ತದೆ. ಹಿಂದಿನ ಭೇಟಿಯಲ್ಲಿ ಹೇಳಿದ ಘಟನೆಯನ್ನೇ ಮತ್ತೆ ಹೇಳಿದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಮರೆವಿನ ಅಳತೆ ತಿಳಿಯಲು ಒಂದು ಜಾಣ ಪರೀಕ್ಷೆಯೂ ಇದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಸ್ಯಾನ್ ಹೋಸೆ ನಗರದಲ್ಲಿ, ಪೊಲೀಸರಿಗೆ ದೂರು ಕೊಟ್ಟಿದ್ದವರ ಹೆಸರುಗಳನ್ನೇ ಆರಿಸಿ ಅವರ ಮನೆಗೆ ಸಮೀಕ್ಷಕರನ್ನು ಕಳಿಸಿದರು. ಮನೆಗಳ್ಳತನವನ್ನು ಹತ್ತರಲ್ಲಿ ಒಂಬತ್ತು ಮಂದಿ ಹೇಳಿದರು. ಹಲ್ಲೆಯನ್ನು ಹೇಳಿದವರು ಅರ್ಧಕ್ಕಿಂತ ಕಡಿಮೆ. ತಪ್ಪು ಮಾಡಿದವರು ಅಪರಿಚಿತರಾಗಿದ್ದಾಗ ಸುಮಾರು ನಾಲ್ಕರಲ್ಲಿ ಮೂವರು ಹೇಳಿದರೆ, ಸಂಬಂಧಿಕರೇ ಆಗಿದ್ದಾಗ ಹೇಳಿದವರು ಐದರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಇವರೆಲ್ಲ ಹಿಂದೆ ಠಾಣೆಗೆ ಹೋಗಿ ಬಂದವರೇ ಎಂಬುದನ್ನು ಗಮನಿಸಿ. ಆದ್ದರಿಂದ ಕಳ್ಳತನದ ಬಗ್ಗೆ ಸಮೀಕ್ಷೆಯ ಮಾತನ್ನು ಹೆಚ್ಚು ನಂಬಬಹುದು. ಮನೆಯವರೇ ಮಾಡಿದ ಹಿಂಸೆಯ ಬಗ್ಗೆ ಅದು ಕೊಡುವ ಅಂಕಿಯನ್ನು 'ಕನಿಷ್ಠ ಇಷ್ಟು' ಎಂದೇ ಓದಬೇಕು.

ಫಾರ್ವರ್ಡ್ ಬಂದಾಗ

'ಸಮೀಕ್ಷೆ ಪ್ರಕಾರ' ಎಂಬ ಅಪರಾಧದ ಅಂಕಿ ಬಂದರೆ, ಎಷ್ಟು ಮನೆಗಳನ್ನು ಯಾರು ಹೇಗೆ ಆರಿಸಿದರು, ಪ್ರಶ್ನೆಯ ಮಾತು ಏನಿತ್ತು, ಎಷ್ಟು ಕಾಲದ ಹಿಂದಿನದನ್ನು ಕೇಳಿದರು ಎಂಬ ಮೂರನ್ನು ಹುಡುಕಿ. ಎರಡು ವರ್ಷಗಳ ಹೋಲಿಕೆಯಾದರೆ ಈ ಮೂರೂ ಎರಡೂ ಬಾರಿ ಒಂದೇ ಇದ್ದವೇ ನೋಡಿ. ಇವು ಸಿಗದಿದ್ದರೆ ಆ ಗ್ರಾಫಿನ ಗೆರೆ ಏರಿದೆಯೋ ಇಳಿದಿದೆಯೋ ಎಂಬುದರಿಂದ ನಿಮ್ಮ ಊರಿನ ಕಳ್ಳತನದ ಬಗ್ಗೆ ಏನೂ ತಿಳಿಯುವುದಿಲ್ಲ. ಪೊಲೀಸ್ ಅಂಕಿಯಾದರೆ ಅದನ್ನು ದಾಖಲಾದ ದೂರುಗಳ ಸಂಖ್ಯೆ ಎಂದಷ್ಟೇ ಓದಿ. ಹೊಲದ ಬಾವಿಯ ಕೇಬಲ್ ಕಳೆದುಕೊಂಡು ಸುಮ್ಮನಾದ ರೈತ ಅದರಲ್ಲಿಲ್ಲ.