ಷೇರುದಾರ ಬರೆದ ಪತ್ರಕ್ಕೆ ‘ಗೌಪ್ಯ’ ಅನ್ನುವ ಉತ್ತರ ಸಾಲದು

ಅನಗವಾಡಿ ಕಡೆಯ ಕಬ್ಬು ಬೆಳೆಗಾರರೊಬ್ಬರು ಒಂದು ಸಕ್ಕರೆ ಕಂಪನಿಗೆ ಬರೆದ ಪತ್ರದ ನಕಲು ನಮ್ಮ ಕೈಗೆ ಬಂತು. ಪತ್ರ ಕಂಪನಿ ಸೆಕ್ರೆಟರಿಯ ಹೆಸರಿಗೆ. ಕೇಳಿದ್ದು ಎರಡೇ ಸಂಗತಿ: ಈಗ ಕಂಪನಿಯ ಷೇರುಗಳು ಯಾರ ಯಾರ ಕೈಯಲ್ಲಿ ಎಷ್ಟೆಷ್ಟು ಇವೆ, ಮತ್ತು ಕಂಪನಿಯ ರಿಜಿಸ್ಟ್ರಾರ್ ಯಾರು, ಅವರ ವಿಳಾಸ ಏನು. ಉತ್ತರ ಎರಡು ಸಾಲಿನದು. ಕೇಳಿದ ಮಾಹಿತಿ ಗೌಪ್ಯವಾದದ್ದು, ಕೊಡಲು ಬರುವುದಿಲ್ಲ. ಕಂಪನಿಯ ಹೆಸರನ್ನು ನಾವು ಇಲ್ಲಿ ಬರೆಯುತ್ತಿಲ್ಲ. ಈ ಉತ್ತರ ತಪ್ಪು, ಮತ್ತು ಯಾಕೆ ತಪ್ಪು ಅನ್ನುವುದು ನಮ್ಮ ಭಾಗದ ಪ್ರತಿಯೊಬ್ಬ ಷೇರುದಾರನಿಗೂ ಗೊತ್ತಿರಬೇಕು.

ಮೊದಲು ‘ರಿಜಿಸ್ಟ್ರಾರ್’ ಅನ್ನುವ ಪದದ ಗೊಂದಲ ಬಿಡಿಸಬೇಕು. ಆ ಹಿರಿಯರನ್ನು ಭೇಟಿಯಾದಾಗ ಅವರು ನಮ್ಮನ್ನು ಕೇಳಿದ ಮೊದಲ ಪ್ರಶ್ನೆ, “ರಿಜಿಸ್ಟ್ರಾರ್ ಅಂದ್ರ ಯಾರ್ರೀ, ಬೀಳಗಿ ಸಬ್ ರಿಜಿಸ್ಟ್ರಾರ್ ಆಫೀಸಿನವ್ರೇನು?” ಪ್ರಶ್ನೆಯಲ್ಲಿ ನಗುವಂಥದ್ದೇನೂ ಇಲ್ಲ. ಹೊಲ ಖರೀದಿ ನೋಂದಾಯಿಸುವವರು ಸಬ್ ರಿಜಿಸ್ಟ್ರಾರ್. ಸಹಕಾರಿ ಸಂಘಗಳ ಮೇಲಿರುವವರು ಸಹಕಾರ ಸಂಘಗಳ ರಿಜಿಸ್ಟ್ರಾರ್. ಕಂಪನಿಗಳ ಕಾಗದಪತ್ರ ಸಲ್ಲಿಕೆಯಾಗುವುದು ಕೇಂದ್ರ ಸರ್ಕಾರದ ರಿಜಿಸ್ಟ್ರಾರ್ ಆಫ್ ಕಂಪನೀಸ್‌ಗೆ. ಪತ್ರದಲ್ಲಿ ಕೇಳಿದ್ದು ಇವರು ಯಾರನ್ನೂ ಅಲ್ಲ. ಅದು ಷೇರು ರಿಜಿಸ್ಟ್ರಾರ್, ಅಂದರೆ ಕಂಪನಿಯ ಪರವಾಗಿ ಷೇರುದಾರರ ಲೆಕ್ಕ ಇಡುವ ಖಾಸಗಿ ಸಂಸ್ಥೆ. ವಿಳಾಸ ಬದಲಾವಣೆ, ಬ್ಯಾಂಕ್ ಖಾತೆ ಸೇರಿಸುವುದು, ತಂದೆ ತೀರಿಕೊಂಡ ಮೇಲೆ ಷೇರು ಮಕ್ಕಳ ಹೆಸರಿಗೆ ಮಾಡುವುದು, ಕಳೆದುಹೋದ ಪ್ರಮಾಣಪತ್ರಕ್ಕೆ ನಕಲು, ಇವೆಲ್ಲ ಅರ್ಜಿಗಳು ಹೋಗಬೇಕಾದದ್ದು ಅಲ್ಲಿಗೆ.

ನಮ್ಮ ಮುಧೋಳ, ಜಮಖಂಡಿ, ಬೀಳಗಿ ಸೀಮೆಯಲ್ಲಿ ಈ ಗೊಂದಲಕ್ಕೆ ಇನ್ನೊಂದು ಕಾರಣ ಇದೆ. ಇಲ್ಲಿ ಒಂದೇ ಮನೆಯ ಟ್ರಂಕಿನಲ್ಲಿ ಸಹಕಾರಿ ಕಾರ್ಖಾನೆಯ ಷೇರು ಪತ್ರವೂ ಇರುತ್ತದೆ, ಲಿಮಿಟೆಡ್ ಕಂಪನಿಯದೂ ಇರುತ್ತದೆ. ಎರಡೂ ಹಳದಿಗಟ್ಟಿದ ಕಾಗದ, ಎರಡರಲ್ಲೂ ‘ಷೇರು’ ಅಂತಲೇ ಇರುತ್ತದೆ. ತಿಮ್ಮಾಪುರದ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯ ಸದಸ್ಯನಿಗೆ ಅನ್ವಯಿಸುವುದು ಸಹಕಾರ ಕಾಯ್ದೆ. ಲಿಮಿಟೆಡ್ ಕಂಪನಿಯ ಷೇರುದಾರನಿಗೆ 2013ರ ಕಂಪನಿ ಕಾಯ್ದೆ. ಒಂದರ ನಿಯಮ ಹಿಡಿದು ಇನ್ನೊಂದಕ್ಕೆ ಪತ್ರ ಬರೆದರೆ ಉತ್ತರ ಬಾರದೇ ಇರುವುದೇ ಸಹಜ.

ಯಾವುದು ಯಾವುದೆಂದು ತಿಳಿಯಲು ಸುಲಭ ಗುರುತು ಸಿಐಎನ್, ಅಂದರೆ ಕಂಪನಿಯ ಗುರುತಿನ ಸಂಖ್ಯೆ. ಪ್ರತಿ ಕಂಪನಿಯೂ ತನ್ನ ಪತ್ರದ ತಲೆಬರಹ, ಬಿಲ್ಲು, ನೋಟಿಸುಗಳ ಮೇಲೆ ಇದನ್ನು ಮುದ್ರಿಸಲೇಬೇಕು. ಅಕ್ಷರ, ಅಂಕಿ ಸೇರಿ 21 ಇರುತ್ತವೆ. ಮೊದಲನೆಯದು ಇಂಗ್ಲಿಷಿನ ‘ಎಲ್’ ಇದ್ದರೆ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿ, ‘ಯು’ ಇದ್ದರೆ ಅಲ್ಲ. ಅದರ ಮುಂದೆ ಐದು ಅಂಕಿ ಬಿಟ್ಟು ಬರುವ ಎರಡು ಅಕ್ಷರ ರಾಜ್ಯದ್ದು. ಕಾರ್ಖಾನೆ ನಮ್ಮ ಹೊಲದ ಪಕ್ಕದಲ್ಲೇ ಇದ್ದರೂ ಅಲ್ಲಿ ಮಹಾರಾಷ್ಟ್ರದ ಅಕ್ಷರ ಕಂಡರೆ, ಕಂಪನಿಯ ನೋಂದಾಯಿತ ಕಚೇರಿ ಆ ರಾಜ್ಯದಲ್ಲಿದೆ ಎಂದು ಅರ್ಥ. ಪತ್ರ ಅಲ್ಲಿಗೇ ಹೋಗಬೇಕು, ಕಾರ್ಖಾನೆಯ ಗೇಟಿಗಲ್ಲ. ಸಹಕಾರಿ ಕಾರ್ಖಾನೆಯ ಕಾಗದದಲ್ಲಿ ಸಿಐಎನ್ ಇರುವುದೇ ಇಲ್ಲ.

ಆ ಮೊದಲ ಅಕ್ಷರದ ಮೇಲೆ ಪತ್ರದ ಧಾಟಿ ಬದಲಾಗುತ್ತದೆ. ‘ಎಲ್’ ಕಂಪನಿಯಾದರೆ ಷೇರು ಹಂಚಿಕೆಯ ಪಟ್ಟಿಯನ್ನು ಪ್ರತಿ ತ್ರೈಮಾಸಿಕ ಮುಗಿದ 21 ದಿನದೊಳಗೆ ಷೇರುಪೇಟೆಗೆ ಸಲ್ಲಿಸಬೇಕು, ಅದು ಎಲ್ಲರಿಗೂ ಕಾಣುತ್ತದೆ. ನಮ್ಮ ಪಕ್ಕದ ಸಮೀರವಾಡಿಯಲ್ಲಿ ಕಾರ್ಖಾನೆ ಇರುವ ಗೋದಾವರಿ ಬಯೋರಿಫೈನರೀಸ್ 2024ರ ಅಕ್ಟೋಬರ್ ಕೊನೆಯಲ್ಲಿ ಷೇರುಪೇಟೆಗೆ ಬಂತು. ಅದರ ಪಟ್ಟಿಯನ್ನು ಈಗ ಬಿಎಸ್‌ಇ, ಎನ್‌ಎಸ್‌ಇ ಜಾಲತಾಣಗಳಲ್ಲಿ ಮೊಬೈಲಿನಲ್ಲೇ ನೋಡಬಹುದು. ಇಂಥ ಕಂಪನಿಗೆ ಪಟ್ಟಿ ಕೇಳಿ ಪತ್ರ ಬರೆಯುವ ಅಗತ್ಯವೇ ಇಲ್ಲ.

ಕಷ್ಟ ಇರುವುದು ‘ಯು’ ಕಂಪನಿಯಲ್ಲಿ, ಅನಗವಾಡಿಯ ಪತ್ರ ಹೋದದ್ದೂ ಅಂಥದ್ದಕ್ಕೇ. ಇಲ್ಲಿ ಪಟ್ಟಿ ಷೇರುಪೇಟೆಗೆ ಹೋಗುವುದಿಲ್ಲ. ಆದರೆ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಸದಸ್ಯರ ರಿಜಿಸ್ಟರನ್ನೂ ವಾರ್ಷಿಕ ವಿವರಪತ್ರವನ್ನೂ ಕಚೇರಿ ಸಮಯದಲ್ಲಿ ನೋಡುವ ಹಕ್ಕು ಷೇರುದಾರನಿಗಿದೆ, ಶುಲ್ಕವಿಲ್ಲದೆ. ಷೇರುದಾರನಲ್ಲದವನೂ ನೋಡಬಹುದು, ಅವನಿಂದ ಒಂದು ಸಲಕ್ಕೆ 50 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ. ಷೇರು ಇನ್ನೂ ತಂದೆಯ ಹೆಸರಲ್ಲೇ ಇರುವ ಮಕ್ಕಳು ಈ ಮಾತನ್ನು ಗಮನಿಸಬೇಕು. “ನೀವು ನಮ್ಮ ಸದಸ್ಯರಲ್ಲ” ಎಂದು ವಾಪಸು ಕಳಿಸಿದರೆ 50 ರೂಪಾಯಿ ಕಟ್ಟುತ್ತೇನೆ ಎನ್ನಬಹುದು. ನಕಲು ಬೇಕಾದರೆ ಪುಟಕ್ಕೆ ಗರಿಷ್ಠ 10 ರೂಪಾಯಿ, ಹಣ ಕಟ್ಟಿದ ಏಳು ದಿನದೊಳಗೆ ಕೊಡಬೇಕು. ನಿರಾಕರಿಸಿದರೆ ಕಂಪನಿಗೂ ತಪ್ಪಿತಸ್ಥ ಅಧಿಕಾರಿಗೂ ದಿನಕ್ಕೆ 1,000 ರೂಪಾಯಿಯಂತೆ ಒಂದು ಲಕ್ಷದವರೆಗೆ ದಂಡ ಬೀಳಬಹುದು. ಇಷ್ಟೆಲ್ಲ ಕಾಯ್ದೆಯಲ್ಲೇ ಇರುವಾಗ ‘ಗೌಪ್ಯ’ ಅನ್ನುವ ಪದ ಎಲ್ಲಿಂದ ಬಂತು?

ಪತ್ರದಲ್ಲೂ ಒಂದು ಕೊರತೆ ಇತ್ತು, ಅದನ್ನೂ ಹೇಳಬೇಕು. ಅವರು ಅದನ್ನು ಮಾಹಿತಿ ಹಕ್ಕು ಅರ್ಜಿಯಂತೆ ಬರೆದು, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದ್ದರು. ಪಂಚಾಯ್ತಿ, ತಹಶೀಲ್ದಾರ ಕಚೇರಿಗೆ ಬರೆದು ರೂಢಿಯಾದ ಕೈ ಅದು. ಖಾಸಗಿ ಕಂಪನಿಗೆ ಮಾಹಿತಿ ಹಕ್ಕು ಕಾಯ್ದೆ ನೇರವಾಗಿ ಅನ್ವಯಿಸುವುದಿಲ್ಲ, ಹಾಗಾಗಿ ಕಂಪನಿಗೆ ಜಾರಿಕೊಳ್ಳಲು ದಾರಿ ಸಿಕ್ಕಿತು. ಅದೇ ವಿಷಯವನ್ನು ನಾವಾದರೆ ಹೀಗೆ ಬರೆಯುತ್ತೇವೆ:

“ಕಂಪನಿ ಸೆಕ್ರೆಟರಿಯವರಿಗೆ. ನಾನು ತಮ್ಮ ಕಂಪನಿಯ ಷೇರುದಾರ. ನನ್ನ ಫೋಲಿಯೊ ಸಂಖ್ಯೆ, ಪ್ರಮಾಣಪತ್ರ ಸಂಖ್ಯೆ, ಷೇರುಗಳ ಸಂಖ್ಯೆ ಇಂತಿವೆ. ಕಂಪನಿ ಕಾಯ್ದೆ 2013ರ 94ನೇ ಸೆಕ್ಷನ್ ಪ್ರಕಾರ, ಇತ್ತೀಚಿನ ವಾರ್ಷಿಕ ವಿವರಪತ್ರದಲ್ಲಿರುವ ಷೇರು ಹಂಚಿಕೆಯ ಭಾಗದ ನಕಲು ಬೇಕಾಗಿದೆ. ಅದರ ನಂತರ ಹಂಚಿಕೆ ಬದಲಾಗಿದ್ದರೆ ಇಂದಿನವರೆಗಿನ ವಿವರವನ್ನೂ ತಿಳಿಸಬೇಕು. ಎಷ್ಟು ಪುಟ, ಎಷ್ಟು ಶುಲ್ಕ ಎಂದು ತಿಳಿಸಿದರೆ ಕಟ್ಟುತ್ತೇನೆ. ಹಾಗೆಯೇ ಕಂಪನಿಯ ಷೇರು ರಿಜಿಸ್ಟ್ರಾರ್ ಸಂಸ್ಥೆಯ ಈಗಿನ ಹೆಸರು, ವಿಳಾಸ, ದೂರವಾಣಿ, ಇಮೇಲ್ ತಿಳಿಸಬೇಕು. ಷೇರುದಾರರ ಲೆಕ್ಕವನ್ನು ಕಂಪನಿಯೇ ಇಡುತ್ತಿದ್ದರೆ ಆ ವಿಭಾಗದ ವಿಳಾಸ ತಿಳಿಸಬೇಕು.”

ಇದನ್ನು ತಲುಪಿದ್ದಕ್ಕೆ ಪುರಾವೆ ಸಿಗುವಂಥ ಅಂಚೆಯಲ್ಲಿ ನೋಂದಾಯಿತ ಕಚೇರಿಗೆ ಕಳಿಸಬೇಕು. ಪ್ರಮಾಣಪತ್ರದ ಅಸಲನ್ನು ಮಾತ್ರ ಯಾವ ಕಾರಣಕ್ಕೂ ಜೊತೆಗೆ ಇಡಬಾರದು.

ಪಟ್ಟಿ ಬಂದ ಮೇಲೆ ಅದರಲ್ಲಿ ಏನು ನೋಡಬೇಕು? ಉದಾಹರಣೆಗೆ ಒಂದು ಕಂಪನಿಯಲ್ಲಿ ಒಟ್ಟು 2 ಕೋಟಿ ಷೇರು ಇವೆ ಎಂದುಕೊಳ್ಳಿ. ಪ್ರವರ್ತಕರ ಹತ್ತಿರ 1.50 ಕೋಟಿ, ಸಣ್ಣ ಷೇರುದಾರರಾದ ರೈತರ ಹತ್ತಿರ ಎಲ್ಲ ಸೇರಿ 16 ಲಕ್ಷ, ಉಳಿದದ್ದು ಇತರರದು. ರೈತರ ತಲೆ ಎಣಿಸಿದರೆ ಸಾವಿರಗಟ್ಟಲೆ ಇರಬಹುದು, ಆದರೆ ಪಾಲು ಶೇಕಡಾ 8. ವಿಶೇಷ ಸಭೆ ಕರೆಯಿರಿ ಎಂದು ಆಡಳಿತ ಮಂಡಳಿಯನ್ನು ಕೇಳಲು ಮತದ ಹಕ್ಕಿರುವ ಬಂಡವಾಳದ ಹತ್ತನೇ ಒಂದು ಭಾಗ ಬೇಕು, ಅಂದರೆ ಇಲ್ಲಿ 20 ಲಕ್ಷ ಷೇರು. ನಾಲ್ಕು ಲಕ್ಷ ಕಡಿಮೆ ಬೀಳುತ್ತದೆ. ಎಲ್ಲ ರೈತರೂ ಒಂದಾದರೂ ‘ಇತರರ’ ಸಾಲಿನಿಂದ ಯಾರನ್ನಾದರೂ ಒಪ್ಪಿಸಲೇಬೇಕು. ಇದು ವಾರ್ಷಿಕ ಸಭೆಯಲ್ಲಿ ಎದ್ದು ಕೂಗುವ ಮುಂಚೆ ಗೊತ್ತಿರಬೇಕಾದ ಲೆಕ್ಕ. ಕಂಪನಿಗಳು ಪಟ್ಟಿ ಕೊಡಲು ಹಿಂಜರಿಯುವುದು ಇದಕ್ಕೇ ಇರಬಹುದು ಎಂಬ ಅನುಮಾನ ನಮಗಿದೆ.

ಪಟ್ಟಿಗಿಂತಲೂ ರಿಜಿಸ್ಟ್ರಾರ್ ವಿಳಾಸದ ಪ್ರಶ್ನೆ ನಮ್ಮ ಭಾಗಕ್ಕೆ ಹೆಚ್ಚು ತುರ್ತಿನದು. ಆಲಮಟ್ಟಿ ಹಿನ್ನೀರಿನಿಂದ ಬೀಳಗಿ ತಾಲೂಕಿನ ಹಲವು ಊರುಗಳು ಪುನರ್ವಸತಿ ಕೇಂದ್ರಗಳಿಗೆ ಹೋದವು. ಜನ ಎದ್ದು ಹೋದರು, ಷೇರು ರಿಜಿಸ್ಟರಿನಲ್ಲಿ ವಿಳಾಸ ಮಾತ್ರ ಮುಳುಗಿದ ಊರಿನದೇ ಉಳಿದುಬಿಟ್ಟರೆ ಕಂಪನಿಯ ನೋಟಿಸು ಅಲ್ಲಿಗೆ ಹೋಗಿ ವಾಪಸಾಗುತ್ತದೆ. ಏಳು ವರ್ಷ ಸತತವಾಗಿ ಡಿವಿಡೆಂಡ್ ಪಡೆಯದಿದ್ದರೆ ಹಣ ಮಾತ್ರವಲ್ಲ, ಷೇರುಗಳೂ ಕೇಂದ್ರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ಮರಳಿ ಪಡೆಯಲು ದಾರಿ ಇದೆ. ಆದರೆ ಅದಕ್ಕೆ ಬೇಕಾಗುವ ಕಾಗದಗಳ ಓಡಾಟ ನೋಡಿದವರು ಮೊದಲೇ ಒಂದು ವಿಳಾಸ ಬದಲಾವಣೆ ಅರ್ಜಿ ಹಾಕಿದ್ದರೆ ಸಾಕಿತ್ತಲ್ಲ ಎನ್ನುತ್ತಾರೆ.

ಯಾರೂ ಕೇಳದ ಖಾತೆಗೆ ಇನ್ನೊಂದು ಅಪಾಯವೂ ಇದೆ. ಮುಂಬೈಯ ಶೇರ್‌ಪ್ರೊ ಸರ್ವಿಸಸ್ ಎಂಬ ದೊಡ್ಡ ರಿಜಿಸ್ಟ್ರಾರ್ ಸಂಸ್ಥೆಯ ವಿರುದ್ಧ 2016ರಲ್ಲಿ ಸೆಬಿ ಆದೇಶ ಹೊರಡಿಸಿತು. ಬಹಳ ದಿನ ಮಾಲೀಕರು ವಿಚಾರಿಸದ ಷೇರುಗಳನ್ನೂ ಡಿವಿಡೆಂಡನ್ನೂ ಒಳಗಿನವರಿಗೆ ಸಂಬಂಧಿಸಿದವರ ಹೆಸರಿಗೆ ತಿರುಗಿಸಲಾಗಿದೆ ಎಂಬುದು ಸೆಬಿ ಕಂಡುಕೊಂಡದ್ದು. ಅದರ ಬಳಿ ಲೆಕ್ಕ ಇಟ್ಟಿದ್ದ ಕಂಪನಿಗಳು ಬೇರೆ ರಿಜಿಸ್ಟ್ರಾರ್ ಹುಡುಕಿಕೊಳ್ಳಬೇಕಾಯಿತು. ಹಗರಣವಿಲ್ಲದೆಯೂ ಹೆಸರು ಬದಲಾಗುತ್ತದೆ. ಬಹಳ ಕಂಪನಿಗಳ ಲೆಕ್ಕ ಇಡುವ ಲಿಂಕ್ ಇನ್‌ಟೈಮ್ ಈಗ ಎಂಯುಎಫ್‌ಜಿ ಇನ್‌ಟೈಮ್ ಆಗಿದೆ. ಹಳೆಯ ಪತ್ರದ ಮೇಲಿನ ವಿಳಾಸ ನಂಬಿ ಕಳಿಸಿದ ಲಕೋಟೆ ಎಲ್ಲಿ ಹೋಗುತ್ತದೋ ಹೇಳಲಾಗದು.

ಒಂದು ಮಿತಿಯನ್ನು ಒಪ್ಪಬೇಕು. 2022ರ ನಿಯಮ ತಿದ್ದುಪಡಿಯ ನಂತರ ಸದಸ್ಯರ ರಿಜಿಸ್ಟರಿನ ನಕಲಿನಲ್ಲಿ ವಿಳಾಸ, ಇಮೇಲ್, ಪ್ಯಾನ್ ಸಂಖ್ಯೆ ಸಿಗುವುದಿಲ್ಲ. ವಂಚಕರ ಕಾಲದಲ್ಲಿ ಇದು ಸರಿಯೇ. ಆದರೆ ಚದುರಿದ ರೈತ ಷೇರುದಾರರು ಒಬ್ಬರನ್ನೊಬ್ಬರು ಹುಡುಕುವ ದಾರಿಯೂ ಇದರಿಂದ ಮುಚ್ಚಿತು. ಹೆಸರು ಇರುತ್ತದೆ, ಊರು ಇರುವುದಿಲ್ಲ. ಒಂದೇ ಅಡ್ಡಹೆಸರಿನ ನೂರಾರು ಮನೆಗಳಿರುವ ನಮ್ಮ ಕಡೆ ಬರೀ ಹೆಸರು ಹಿಡಿದು ಹುಡುಕುವುದು ಹೇಗೆ? ಊರಿನ ಹೆಸರನ್ನಾದರೂ ಉಳಿಸಬಹುದಿತ್ತು.

ಕಂಪನಿಗಳಿಂದ ನಾವು ಕೇಳುವುದು ದೊಡ್ಡದೇನಲ್ಲ. ಹಂಗಾಮಿನಲ್ಲಿ ಪ್ರತಿ ರೈತನ ಕೈಗೂ ಕಬ್ಬಿನ ತೂಕದ ಚೀಟಿ ಬರುತ್ತದೆ. ಅದರ ಹಿಂಬದಿ ಖಾಲಿಯೇ ಇರುತ್ತದೆ. ಷೇರು ರಿಜಿಸ್ಟ್ರಾರ್‌ನ ಹೆಸರು, ವಿಳಾಸ, ಫೋನ್ ನಂಬರನ್ನು ಅಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಲಿ. ತೂಕದ ಕಾಟಾದ ಗೋಡೆಯ ಮೇಲೂ ಬರೆಸಲಿ. ಮುಂದಿನ ಹಂಗಾಮಿನಿಂದಲೇ ಇದನ್ನು ಶುರು ಮಾಡಬಹುದು.