ಕ್ರಿಯಾಟಿನ್: ‘ತಳ್ಳಿಹಾಕಲಾಗದು’ ಅಂದ್ರೆ ‘ಕೆಲಸ ಮಾಡುತ್ತೆ’ ಅಂತಲ್ಲ

ಜಿಮ್‌ಗೆ ಹೋಗುವವರಿಗೆ ಕ್ರಿಯಾಟಿನ್ ಗೊತ್ತಿರುವ ಪುಡಿ. ಅದು ಪಾರ್ಕಿನ್ಸನ್ಸ್‌ಗೂ ಮದ್ದು, ಸ್ನಾಯು ಕ್ಷಯಿಸುವ ಮಸ್ಕ್ಯುಲರ್ ಡಿಸ್ಟ್ರೋಫಿಗೂ ಮದ್ದು, ಆದರೆ ಪೇಟೆಂಟ್ ಸಿಗದ ಅಗ್ಗದ ವಸ್ತು ಅಂತ ಔಷಧ ಕಂಪನಿಗಳು ಮುಚ್ಚಿಟ್ಟಿವೆ ಅನ್ನೋದು ಸುಲಭವಾಗಿ ನಂಬಿಕೆ ಬರುವ ಕಥೆ. ಫಾರ್ಮಾ ಕಂಪನಿಗಳ ಮೇಲೆ ಅನುಮಾನ ಪಡೋಕೆ ಕಾರಣಗಳೂ ಬೇಕಾದಷ್ಟಿವೆ. ಆದರೆ ಈ ಒಂದು ವಿಷಯದಲ್ಲಿ ಆ ಕಥೆ ನಿಲ್ಲಲ್ಲ. ಯಾಕಂದ್ರೆ ಇದರ ದೊಡ್ಡ ಪರೀಕ್ಷೆಯನ್ನು ಮಾಡಿಸಿದ್ದು ಕಂಪನಿ ಅಲ್ಲ, ಸಾರ್ವಜನಿಕ ಹಣದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್).

ಆಸೆ ಹುಟ್ಟಿದ್ದಕ್ಕೆ ಆಧಾರ ಇತ್ತು. ಜೀವಕೋಶದಲ್ಲಿ ಕ್ರಿಯಾಟಿನ್ ಒಂಥರಾ ಯುಪಿಎಸ್ ಬ್ಯಾಟರಿ. ಶಕ್ತಿ ತಟ್ಟನೆ ಬೇಕಾದಾಗ, ಮುಖ್ಯ ಸರಬರಾಜು ಸಾಲದೆ ಹೋದಾಗ, ಕೂಡಿಟ್ಟಿದ್ದನ್ನು ಕೊಡುತ್ತೆ. ಪಾರ್ಕಿನ್ಸನ್ಸ್‌ನಲ್ಲಿ ಸಾಯುವ ನರಕೋಶಗಳಲ್ಲಿ ಶಕ್ತಿಯ ಕೊರತೆ ಕಾಣುತ್ತೆ. ಇಲಿಗಳಿಗೆ ಇಂಥದ್ದೇ ಹಾನಿ ಮಾಡುವ ವಿಷ ಕೊಟ್ಟ 1999ರ ಪ್ರಯೋಗದಲ್ಲಿ, ಕ್ರಿಯಾಟಿನ್ ತಿಂದ ಇಲಿಗಳ ನರಕೋಶಗಳು ಹೆಚ್ಚು ಉಳಿದವು.

2006ರಲ್ಲಿ 200 ರೋಗಿಗಳ ಮೇಲಿನ ಒಂದು ವರ್ಷದ ಪರೀಕ್ಷೆಯ ಫಲಿತಾಂಶ ಬಂತು. ಗೊಂದಲ ಶುರುವಾಗೋದು ಇಲ್ಲಿಂದ. ಆ ಪರೀಕ್ಷೆ ಕೇಳಿದ್ದು ‘ಇದು ಕೆಲಸ ಮಾಡುತ್ತಾ?’ ಅಂತಲ್ಲ, ‘ಮುಂದೆ ಪರೀಕ್ಷಿಸಲೂ ಯೋಗ್ಯವಲ್ಲ ಅಂತ ಈಗಲೇ ಕೈಬಿಡಬಹುದಾ?’ ಅಂತ. ಹಳೆಯ ಅಧ್ಯಯನಗಳಲ್ಲಿ ಔಷಧವಿಲ್ಲದವರ ರೋಗ ಅಂಕ ವರ್ಷಕ್ಕೆ ಸುಮಾರು 10.7 ಏರಿತ್ತು. ಅದಕ್ಕಿಂತ ಶೇ. 30 ಕಡಿಮೆ, ಅಂದ್ರೆ 7.5ರ ಹತ್ತಿರ, ಗೆರೆ ಎಳೆದರು. ಕ್ರಿಯಾಟಿನ್ ಗುಂಪಿನಲ್ಲಿ ಏರಿಕೆ 5.6. ಹಾಗಾಗಿ ಕೈಬಿಡಲಿಲ್ಲ.

ಆದರೆ ಅದೇ ಪರೀಕ್ಷೆಯಲ್ಲಿ ಬರೀ ಹುಸಿಮಾತ್ರೆ (ಪ್ಲಸೀಬೋ) ತಗೊಂಡವರ ಏರಿಕೆಯೂ 8.4 ಮಾತ್ರ. ಹಳೆಯ ರೋಗಿಗಳಿಗಿಂತ ಇವರ ಕಾಯಿಲೆ ತಾನಾಗೇ ನಿಧಾನವಾಗಿತ್ತು. ಅಂದ್ರೆ ಹಳೆಯ ಅಳತೆಗೋಲು ಕ್ರಿಯಾಟಿನ್‌ಗೆ ಪುಕ್ಕಟೆ ಅಂಕ ಕೊಟ್ಟಿತ್ತು. ಸಿಇಟಿ ಕಟ್‌ಆಫ್ ಹೋದ ವರ್ಷದ್ದನ್ನೇ ಇಟ್ಟು, ಈ ವರ್ಷ ಪೇಪರ್ ಸುಲಭ ಬಂದ ಹಾಗೆ.

ಆಮೇಲೆ ನಿಜವಾದ ಪರೀಕ್ಷೆ. 2007ರಿಂದ ಅಮೆರಿಕ, ಕೆನಡಾದ 45 ಕೇಂದ್ರಗಳಲ್ಲಿ, ಆರಂಭಿಕ ಹಂತದ 1,741 ರೋಗಿಗಳು. ಅರ್ಧದಷ್ಟು ಜನಕ್ಕೆ ದಿನಕ್ಕೆ 10 ಗ್ರಾಂ ಕ್ರಿಯಾಟಿನ್, ಉಳಿದವರಿಗೆ ಹುಸಿಮಾತ್ರೆ. ಯಾರಿಗೆ ಯಾವುದು ಅಂತ ರೋಗಿಗೂ ವೈದ್ಯರಿಗೂ ಗೊತ್ತಿಲ್ಲ. ಕನಿಷ್ಠ ಐದು ವರ್ಷ ನಡೆಯಬೇಕು ಅನ್ನೋದು ಯೋಜನೆ. ನಡಿಗೆ, ದಿನನಿತ್ಯದ ಕೆಲಸ, ಯೋಚನೆಯ ವೇಗ, ಬದುಕಿನ ಗುಣಮಟ್ಟ ಎಲ್ಲವನ್ನೂ ಅಳೆದರು. 2013ರಲ್ಲಿ ಮಧ್ಯಂತರ ಲೆಕ್ಕ ನೋಡಿದಾಗ, ಮುಂದುವರಿಸಿದರೂ ಪ್ರಯೋಜನ ಕಾಣುವ ಸಾಧ್ಯತೆ ತೀರಾ ಕಡಿಮೆ ಅಂತ ಗೊತ್ತಾಗಿ ನಿಲ್ಲಿಸಿದರು. 2015ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು: ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಇಲ್ಲ. ಯಾರೂ ಏನನ್ನೂ ಮುಚ್ಚಿಡಲಿಲ್ಲ.

ಡಿಸ್ಟ್ರೋಫಿಯ ಕಥೆ ಬೇರೆ. ಅಲ್ಲಿ ಪರಿಣಾಮ ಇದೆ, ಆದರೆ ಸಣ್ಣದು. ಕೊಕ್ರೇನ್ ವಿಮರ್ಶೆ ಆರು ಪರೀಕ್ಷೆಗಳ 192 ರೋಗಿಗಳನ್ನು ಒಟ್ಟಿಗೆ ನೋಡಿದಾಗ ಸ್ನಾಯುಬಲ ಹುಸಿಮಾತ್ರೆಗಿಂತ ಶೇ. 8.5ರಷ್ಟು ಹೆಚ್ಚಿತ್ತು. ಮಕ್ಕಳಲ್ಲಿ ಕಾಣುವ ಡುಷೆನ್ ಡಿಸ್ಟ್ರೋಫಿಯಲ್ಲಿ, 30 ಹುಡುಗರ 2004ರ ಅಧ್ಯಯನದಲ್ಲಿ ಕೈಹಿಡಿತ ಬಲವಾಯಿತು. ಆದರೆ ದಿನನಿತ್ಯದ ಚಲನೆಯ ಕೆಲಸಗಳಲ್ಲಿ ಸ್ಪಷ್ಟ ಸುಧಾರಣೆ ಕಾಣಲಿಲ್ಲ. 50 ಹುಡುಗರ 2005ರ ಇನ್ನೊಂದು ಪರೀಕ್ಷೆಯಲ್ಲಿ ಬಲದಲ್ಲೂ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಇವೆಲ್ಲ ಕೆಲವೇ ತಿಂಗಳ ಅಧ್ಯಯನಗಳು, ರೋಗವೋ ವರ್ಷಗಟ್ಟಲೆ ನಡೆಯುವಂಥದ್ದು. ಡುಷೆನ್‌ನಲ್ಲಿ ಸ್ನಾಯುಕೋಶದ ಗೋಡೆಯನ್ನು ಕಾಯುವ ಡಿಸ್ಟ್ರೋಫಿನ್ ಪ್ರೋಟೀನೇ ಇರಲ್ಲ. ಬ್ಯಾಟರಿ ತುಂಬಿಸಿದ ಮಾತ್ರಕ್ಕೆ ಬಿರುಕು ಬಿಟ್ಟ ಗೋಡೆ ಮುಚ್ಚಲ್ಲ.

ಸ್ನಾಯುರೋಗಗಳೆಲ್ಲ ಒಂದೇ ಅಂತಲೂ ಅಲ್ಲ. ಸ್ನಾಯುವಿಗೆ ಗ್ಲೈಕೋಜನ್ ಬಳಸಲಾಗದ ಮೆಕಾರ್ಡಲ್ ಕಾಯಿಲೆಯಲ್ಲಿ ಹೆಚ್ಚಿನ ಪ್ರಮಾಣದ ಕ್ರಿಯಾಟಿನ್ ನೋವನ್ನೇ ಜಾಸ್ತಿ ಮಾಡಿತು.

ಇನ್ನೊಂದು ತೊಡಕು ಲ್ಯಾಬ್ ರಿಪೋರ್ಟಿನದ್ದು. ಕ್ರಿಯಾಟಿನ್ ದೇಹದಲ್ಲಿ ಕ್ರಿಯಾಟಿನಿನ್ ಆಗಿ ಬದಲಾಗುತ್ತೆ, ಕಿಡ್ನಿ ಹೇಗಿದೆ ಅಂತ ನೋಡೋದೂ ಅದನ್ನೇ. ಪುಡಿ ತಿಂದರೆ ಕಿಡ್ನಿ ಚೆನ್ನಾಗಿದ್ದರೂ ಆ ಅಂಕಿ ಏರಬಹುದು. ಸ್ನಾಯು ಕರಗಿದ ಡಿಸ್ಟ್ರೋಫಿ ರೋಗಿಯಲ್ಲಿ ಅದು ಮೊದಲೇ ಕಡಿಮೆ ಇರೋದರಿಂದ, ಕಿಡ್ನಿ ಕೆಟ್ಟರೂ ‘ನಾರ್ಮಲ್’ ಅಂತ ಬರಬಹುದು. ಹಾಗಾಗಿ ಮನೆಯಲ್ಲಿ ಯಾರಾದರೂ ಈ ಪುಡಿ ತಗೊಳ್ತಿದ್ರೆ, ನರರೋಗ ತಜ್ಞರಿಗೆ ಅದನ್ನು ಹೇಳಲೇಬೇಕು. ಸಿಸ್ಟಾಟಿನ್ ಸಿ ಅನ್ನೋ ಬೇರೆ ರಕ್ತಪರೀಕ್ಷೆಯಿಂದ ಕಿಡ್ನಿಯನ್ನು ನೋಡೋಕಾಗುತ್ತೆ.