ಸಂಪಾದಕರ ಮಾತು: ಅಜ್ಜ ಬಂದ ಕೂಡಲೇ ಜಾರುವ ಧಾಟಿ

ರಾಯದುರ್ಗ, ಮಡಕಶಿರಾ ಕಡೆಯ ಗಡಿ ಕನ್ನಡಿಗರು ತಮ್ಮ ಊರಿನ ಬಗ್ಗೆ ಬರೆಯುವಾಗ ಧಾಟಿ ಎಲ್ಲಿ ಜಾರಬಹುದು ಎಂಬುದಕ್ಕೆ ಒಂದು ಮಾದರಿ ಕಟ್ಟಿ ನೋಡೋಣ. ಊರು ಓಬಳಾಪುರವೆಂದೇ ಇಟ್ಟುಕೊಳ್ಳಿ.

‘ಓಬಳಾಪುರವು ಆಂಧ್ರಪ್ರದೇಶಕ್ಕೆ ಸೇರಿದ್ದರೂ ಬಳ್ಳಾರಿಗೆ ಸಮೀಪದಲ್ಲಿದೆ. ಇಲ್ಲಿನ ಅನೇಕ ಹಿರಿಯರು ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ. ನಮ್ಮಜ್ಜ ಸಂತೆಗೆ ಬಳ್ಳಾರಿಗೇ ಹೋಗ್ತಿದ್ದ. ರಾಯದುರ್ಗ ದೂರ ಅಂತ ಬೈತಿದ್ದ.’

ಮೊದಲೆರಡು ವಾಕ್ಯ ಪಠ್ಯಪುಸ್ತಕದವು, ಮುಂದಿನವು ಮನೆಯವು. ಮಾಹಿತಿ ಮುಗಿದು ನೆನಪು ಶುರುವಾದಲ್ಲೇ ಜಾರಿಕೆ ಆಗಿದೆ. ಬರೆವ ಕನ್ನಡವನ್ನು ಶಾಲೆಯಲ್ಲಿ ಕಲಿತವರಿಗೆ ಊರಿನ ವಿವರ ಆ ಭಾಷೆಯಲ್ಲೇ ಬರುತ್ತದೆ. ಅಜ್ಜ ಬರುವುದು ಮಾತ್ರ ಅಜ್ಜನ ಮಾತಿನಲ್ಲಿ. ಗಡಿಯಲ್ಲಿ ಇನ್ನೊಂದು ಕಾರಣವೂ ಇರಬಹುದು. ಗಿಡುಗು ರಾಮಮೂರ್ತಿಯವರ ವ್ಯಾವಹಾರಿಕ ಭಾಷಾ ಚಳವಳಿಯ ನಂತರ ತೆಲುಗು ಬರವಣಿಗೆ ಆಡುಮಾತಿಗೆ ಹತ್ತಿರ ಬಂತು. ಇಂದಿನ ತೆಲುಗು ಪತ್ರಿಕೆಯಲ್ಲಿ ‘ಚೇಸ್ತಾರು’ ಎಂದೇ ಅಚ್ಚಾಗುತ್ತದೆ. ಅದನ್ನು ದಿನವೂ ಓದುವ ಕಣ್ಣಿಗೆ ಕನ್ನಡದ ‘ಮಾಡ್ತಾರೆ’ ಅಚ್ಚಿನಲ್ಲಿ ವಿಚಿತ್ರವಾಗಿ ಕಾಣುವುದಿಲ್ಲ. ಕನ್ನಡದ ಗದ್ಯವೋ ಸಾಮಾನ್ಯವಾಗಿ ‘ಮಾಡುತ್ತಾರೆ’ಯನ್ನೇ ಉಳಿಸಿಕೊಂಡಿದೆ.

ಜಾರಿಕೆ ಪತ್ತೆಹಚ್ಚಲು ಇಡೀ ಲೇಖನ ಓದಬೇಕಿಲ್ಲ. ವಾಕ್ಯಗಳ ಕೊನೆಯ ಕ್ರಿಯಾಪದಗಳಿಗಷ್ಟೇ ಗೆರೆ ಎಳೆದು, ಅವನ್ನೇ ಸಾಲಾಗಿ ಓದಿ: ಇದೆ, ಆಡುತ್ತಾರೆ, ಹೋಗ್ತಿದ್ದ, ಬೈತಿದ್ದ. ದಾರಿ ತಪ್ಪಿದ್ದು ಮೂರನೆಯದರಲ್ಲಿ. ‘ಎಂದು’ ಇರಬೇಕಾದಲ್ಲಿ ‘ಅಂತ’ ನುಸುಳಿರುವುದು, ಹಿರಿಯರು ಬಹುವಚನದಲ್ಲಿದ್ದು ಅಜ್ಜ ಏಕವಚನಕ್ಕೆ ಇಳಿದಿರುವುದು ಆಮೇಲೆ ತಾನಾಗಿ ಕಾಣುತ್ತದೆ.

ತಿದ್ದುವಾಗ ಹಲವರು ಇನ್ನೊಂದು ತುದಿಗೆ ಹೋಗುತ್ತಾರೆ: ‘ನಮ್ಮ ಪಿತಾಮಹರು ವ್ಯಾಪಾರಾರ್ಥವಾಗಿ ತೆರಳುತ್ತಿದ್ದರು.’ ಧಾಟಿ ಸರಿಹೋಯಿತು, ಅಜ್ಜ ಕಾಣೆಯಾದರು! ಇದರ ಬದಲು ನಿರೂಪಣೆಯನ್ನು ನಿಮ್ಮ ಬಳಿ ಇಟ್ಟುಕೊಂಡು ಮಾತನ್ನು ಅಜ್ಜನಿಗೇ ಬಿಡಿ: ‘ನಮ್ಮ ಅಜ್ಜ ಸಂತೆಗೆ ಬಳ್ಳಾರಿಗೇ ಹೋಗುತ್ತಿದ್ದರು. “ರಾಯದುರ್ಗಕ್ಕೆ ಯಾರ್ ಹೋಗ್ತಾರಪ್ಪಾ ಅಷ್ಟು ದೂರ” ಎಂದು ಬೈಯುತ್ತಿದ್ದರು.’ ಉದ್ಧರಣ ಚಿಹ್ನೆ ಮುಗಿದ ಮೇಲಿನ ವಾಕ್ಯದ ಮೇಲೆ ಒಂದು ಕಣ್ಣಿರಲಿ. ಅಜ್ಜನ ಮಾತಿನ ಗುಂಗು ನಿರೂಪಣೆಗೆ ಹರಿಯುವುದು ಅಲ್ಲೇ.

ಇಡೀ ಬರಹ ಆಡುಮಾತಿನಲ್ಲೇ ಇರಲಿ ಎನ್ನುವವರಿಗೂ ನಮ್ಮ ತಕರಾರಿಲ್ಲ. ದೇವನೂರ ಮಹಾದೇವರು ‘ಕುಸುಮಬಾಲೆ’ಯನ್ನು ನಂಜನಗೂಡು ಸೀಮೆಯ ನುಡಿಯಲ್ಲೇ ನಡೆಸಿದರು. ಆದರೆ ಹಾಗೆ ಮಾಡುವುದಾದರೆ ಓಬಳಾಪುರ ಎಲ್ಲಿದೆ ಎಂದು ಹೇಳುವ ಮೊದಲ ವಾಕ್ಯವೂ ಅಜ್ಜನ ಬಾಯಲ್ಲಿ ಕೂರಬೇಕು.

ಲೇಖನ ಕಳಿಸುವ ಮುನ್ನ ಕ್ರಿಯಾಪದಗಳಿಗೊಮ್ಮೆ ಗೆರೆ ಎಳೆದು ನೋಡಿ. ಯಾವ ಧಾಟಿ ಬೇಕೆಂಬುದು ನಿಮ್ಮ ಆಯ್ಕೆ. ಆಯ್ದದ್ದನ್ನು ಕೊನೆಯ ಸಾಲಿನವರೆಗೆ ನಡೆಸಿ ಎಂಬುದಷ್ಟೇ ನಮ್ಮ ಕೋರಿಕೆ.